ಬೋಣಿಗೆಗೆ ಕುಳಿತ ಸಾಹುಕಾರರು

ಸುರಪುರದ ಪೇಟೆಯಲ್ಲಿ ನಾನು ದವಾಖಾನೆ ತೆರೆದ ದಿನ ಆಡಿದ ಭಾಷಣದ ಕನ್ನಡ ಪ್ರತಿ ಈಗ ನನ್ನ ಬಳಿ ಇಲ್ಲ. ಆದರೂ ಅದರ ಒಂದೊಂದು ವಾಕ್ಯವೂ ನೆನಪಿದೆ. ಅಷ್ಟು ಸಲ ತಿದ್ದಿ ಬರೆದಿದ್ದೆ. ನಮ್ಮದು ಕೃಷ್ಣೆಯ ದಂಡೆಯಲ್ಲಿ ಹರಿಗೋಲು ಹಾಕುವ ಮನೆತನ. ತಂದೆಯವರಿಗೆ ಅಕ್ಷರ ತಿಳಿಯದು. ಹೈದರಾಬಾದಿನಲ್ಲಿ ವೈದ್ಯ ಪದವಿ ಪಡೆದು ಬಂದವನು ನಮ್ಮ ಕಡೆಯ ದಂಡೆಯಲ್ಲಿ ನಾನೇ ಮೊದಲಿಗ. ನಾಲ್ಕು ಜನ ದೊಡ್ಡವರ ಎದುರಿಗೆ ನಿಂತಾಗ ಒಂದು ಗೌರವದ ಮಾತು ತಪ್ಪಿದರೂ, ‘ಅಂಬಿಗರ ಹುಡುಗ, ಅವನಿಗೇನು ಗೊತ್ತು’ ಎಂಬ ಮಾತು ಬರುತ್ತದೆಂಬ ಅಂಜಿಕೆ ನನಗಿತ್ತು. ಆದ್ದರಿಂದ ಯಾರಿಗೆ ಮೊದಲು ವಂದಿಸಬೇಕು, ಯಾರನ್ನು ‘ಅವರು’ ಎನ್ನಬೇಕು, ಯಾರನ್ನು ‘ಪೂಜ್ಯರು’ ಎನ್ನಬೇಕು ಎಂಬುದನ್ನು ಮಠದ ಶಾಲೆಯ ಪಂಡಿತರೊಬ್ಬರಿಗೆ ತೋರಿಸಿ ತಿದ್ದಿಸಿಕೊಂಡಿದ್ದೆ.

ಅದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಕಾಲ. ಜನ ಸೇರಿಸಿ ಮಾತನಾಡಬೇಕಾದರೆ, ಅದು ದವಾಖಾನೆಯ ಆರಂಭವೇ ಆಗಲಿ, ತಹಶೀಲು ಕಚೇರಿಯ ಇಜಾಜತ್ತು, ಅಂದರೆ ಅಪ್ಪಣೆ, ಬೇಕಿತ್ತು. ಏನು ಮಾತನಾಡುತ್ತೇವೆಂಬುದನ್ನು ಉರ್ದುವಿನಲ್ಲಿ ಬರೆದು ಮೊದಲೇ ಒಪ್ಪಿಸಬೇಕಿತ್ತು. ನಾನು ಕಾಲೇಜಿನಲ್ಲಿ ಓದಿದ್ದೆಲ್ಲ ಉರ್ದುವಿನಲ್ಲಿಯೇ ಆದ್ದರಿಂದ ಅದು ಕಷ್ಟವಾಗಲಿಲ್ಲ. ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶಕಾರರು ಕನ್ನಡಕ ಏರಿಸಿಕೊಂಡು ಕಾಗದವನ್ನು ಸಾವಕಾಶವಾಗಿ ಓದಿದರು. ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು.

“ಇದೇನ್ರಿ ಡಾಕ್ಟರ ಸಾಬ? ‘ನನ್ನ ದವಾಖಾನಿಯಾಗ ಯಾರಿಗೂ ಸುಳ್ಳು ಹೇಳೋದಿಲ್ಲ’ ಅಂತ ಬರದೀರಿ.”

“ಹೌದ್ರಿ.”

“ಹಂಗಾದ್ರ ಸರಕಾರಿ ದವಾಖಾನಿಯಾಗ ಸುಳ್ಳು ಹೇಳ್ತಾರ ಅಂತಾತಲ್ರಿ! ತೆಗೀರಿ ಅದನ್ನ.”

ನಾನು ಗಾಬರಿಯಿಂದ ಬೇರೆ ವಾಕ್ಯ ಹುಡುಕಿದೆ. ‘ರೋಗ ಇದ್ದದ್ದನ್ನು ಇದ್ದಂತೆ ರೋಗಿಗೆ ತಿಳಿಸುತ್ತೇನೆ’ ಎಂದು ಬರೆದು ತೋರಿಸಿದೆ. ಪೇಶಕಾರರು ತಲೆಯಾಡಿಸಿ ಮೊಹರು ಒತ್ತಿದರು. “ಇದು ಚಲೋ ಅದ. ಇದರಾಗ ಯಾರಿಗೂ ಬೈದಂಗಿಲ್ಲ” ಎಂದರು. ಒಮ್ಮೆ ಮೊಹರು ಬಿದ್ದ ಮೇಲೆ ಅದಕ್ಕೆ ಒಂದು ಶಬ್ದವನ್ನೂ ಸೇರಿಸುವಂತಿರಲಿಲ್ಲ, ಬಿಡುವಂತೆಯೂ ಇರಲಿಲ್ಲ. ಅದನ್ನೇ ಕನ್ನಡಕ್ಕೆ ಇಳಿಸಿ ಬಾಯಿಪಾಠ ಮಾಡಿದೆ.

ನನ್ನ ವಿದ್ಯಾಭ್ಯಾಸಕ್ಕೆ ಕಾರಣರಾದವರು ಸುರಪುರದ ಹತ್ತಿ ಮತ್ತು ಕಾಳುಕಡಿಯ ವ್ಯಾಪಾರಿ ಸಾಹುಕಾರರು. ಹೊಳೆಯಾಚೆಯಿಂದ ಅವರ ಚೀಲಗಳನ್ನು ನನ್ನ ತಂದೆ ಹರಿಗೋಲಿನಲ್ಲಿ ದಾಟಿಸುತ್ತಿದ್ದರು. ಒಮ್ಮೆ ದಂಡೆಯ ಮರಳಿನ ಮೇಲೆ ನಾನು ಬೆರಳಿನಿಂದ ಚೀಲಗಳ ಲೆಕ್ಕ ಬರೆಯುತ್ತಿದ್ದುದನ್ನು ಅವರು ಕಂಡರು. “ಈ ಕೂಸಿನ ಕೈಯಾಗ ಹುಟ್ಟು ಕೊಡಬ್ಯಾಡ, ಕೂಸಿನ್ನ ನನಗ ಕೊಡು” ಎಂದು ತಂದೆಗೆ ಹೇಳಿ ನನ್ನನ್ನು ಸುರಪುರಕ್ಕೆ ಕರೆತಂದರು. ಅವರ ಮನೆಯ ಪಡಸಾಲೆಯಲ್ಲಿ ಮಲಗಿ, ಅವರ ಮನೆಯ ರೊಟ್ಟಿ ತಿಂದು ನಾನು ಓದಿದೆ. ಮುಂದೆ ನನ್ನನ್ನು ಹೈದರಾಬಾದಿಗೆ ಕಳಿಸಲು ಯಾದಗಿರಿಯ ಸ್ಟೇಶನ್ನಿಗೆ ಬಂಡಿ ಕಟ್ಟಿಸಿಕೊಂಡು ಅವರೇ ಬಂದಿದ್ದರು. ಲಿಂಗವಂತ ಮನೆತನದ ಆ ದೊಡ್ಡವರು ನನಗೂ ನನ್ನ ತಂದೆಗೂ ಮನೆಯ ಒಳಗೆ ಚಾಪೆ ಹಾಸಿದ್ದನ್ನು ನೋಡಿ ಆಡಿಕೊಂಡವರು ಉಂಟು. ಅವರು ಅದಕ್ಕೆ ಕಿವಿ ಕೊಟ್ಟವರಲ್ಲ.

ನಮ್ಮ ಪೇಟೆಯಲ್ಲಿ ಹೊಸ ಅಂಗಡಿ ಇಟ್ಟರೆ, ಮೊದಲ ವ್ಯಾಪಾರವನ್ನು ಕೈಗುಣವುಳ್ಳ ಹಿರಿಯರಿಂದ ಮಾಡಿಸುವ ರೂಢಿಯಿದೆ. ಅದಕ್ಕೆ ಬೋಣಿಗೆ ಎನ್ನುತ್ತಾರೆ. ಬಟ್ಟೆ ಅಂಗಡಿಯಾದರೆ ಅವರು ಒಂದು ರವಿಕೆ ಕಣ ಕೊಳ್ಳುತ್ತಾರೆ, ಕಿರಾಣಿಯಾದರೆ ಒಂದು ಹಿಡಿ ಸಕ್ಕರೆ. ದವಾಖಾನೆಗೆ ಬೋಣಿಗೆ ಹೇಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ನಕ್ಕರು. ರೋಗಿಷ್ಟನ ಕೈಯಿಂದ ಬೋಣಿಗೆ ಮಾಡಿಸಿದರೆ ಅಪಶಕುನ. ಗಟ್ಟಿಮುಟ್ಟಾದವರೇ ಕುಳಿತು ನಾಡಿ ತೋರಿಸಬೇಕು, ನಾನು ‘ಎಲ್ಲ ಕ್ಷೇಮ’ ಎಂದು ಹೇಳಿ ಒಂದು ಚಮಚ ಸಿಹಿ ಔಷಧ ಕುಡಿಸಬೇಕು, ಎಂದು ಹಿರಿಯರು ತೀರ್ಮಾನಿಸಿದರು. ಕೂಡುವವರು ಯಾರೆಂಬುದರ ಬಗ್ಗೆ ಎರಡು ಮಾತಿರಲಿಲ್ಲ. “ಬೋಣಿಗಿ ನಂದ. ಬ್ಯಾರೆ ಯಾರರ ಕುಂತರ ನೋಡ್ರಿ ಮತ್ತ!” ಎಂದು ಸಾಹುಕಾರರೇ ಮುಂದಾದರು.

ಆ ದಿನ ಬೆಳಗ್ಗೆ ದವಾಖಾನೆಯ ಮುಂದೆ ಚಪ್ಪರ ಹಾಕಿ, ಮಾವಿನ ತೋರಣ ಕಟ್ಟಿ, ನೆಲಕ್ಕೆ ಜಮಖಾನೆ ಹಾಸಿದ್ದರು. ತಹಶೀಲ್ದಾರ ಸಾಹೇಬರಿಗೆ ಒಂದು ಕುರ್ಚಿ. ಊರಿನ ಹಕೀಮರು, ನಾಟಿ ವೈದ್ಯರು, ವ್ಯಾಪಾರಿಗಳು ಮುಂದಿನ ಸಾಲಿನಲ್ಲಿ ಕುಳಿತರು. ನಮ್ಮ ದಂಡೆಯ ಜನ ಹಿಂದೆ, ನಿಂತೇ ಇದ್ದರು. ಅವರ ನಡುವೆ ತಂದೆಯವರು ತಲೆಗೆ ಹೊಸ ಪಟಗ ಸುತ್ತಿಕೊಂಡಿದ್ದರು. ಒಳಗೆ ಬಿಳಿ ಬಟ್ಟೆ ಹೊದಿಸಿದ ಮೇಜು, ಔಷಧದ ಬಾಟಲಿಗಳ ಕಪಾಟು, ತೂಕದ ಸಣ್ಣ ತಕ್ಕಡಿ.

ನಾನು ಕೈ ಮುಗಿದು ಆರಂಭಿಸಿದೆ. ಮೊದಲು ಸರಕಾರಕ್ಕೂ ಅಪ್ಪಣೆ ಕೊಟ್ಟ ತಹಶೀಲ್ದಾರ ಸಾಹೇಬರಿಗೂ ವಂದನೆ. ಆಮೇಲೆ ಹಕೀಮರಿಗೂ ವೈದ್ಯರಿಗೂ: “ನಾನು ಹುಟ್ಟುವ ಮೊದಲಿನಿಂದ ಈ ಊರಿನ ನಾಡಿ ಹಿಡಿದ ಹಿರಿಯರು ತಾವು. ತಮ್ಮ ಪಕ್ಕದಲ್ಲಿ ಕೂಡಲು ಬಂದಿದ್ದೇನೆ, ತಮ್ಮ ಎದುರಿಗೆ ಅಲ್ಲ” ಎಂದೆ. ಹಕೀಮರು ಗಡ್ಡ ಸವರಿಕೊಂಡು “ವಾಹ್” ಎಂದರು. ಜಾಗ ಕೊಟ್ಟವರಿಗೆ, ಮೇಜು ಮಾಡಿದ ಬಡಿಗರಿಗೆ, ಬೋರ್ಡಿನ ಮೇಲೆ ಎರಡು ಲಿಪಿಗಳಲ್ಲಿ ಅಕ್ಷರ ಬರೆದ ಚಿತ್ರಗಾರರಿಗೆ ಹೆಸರು ಹಿಡಿದು ಉಪಕಾರ ಸ್ಮರಿಸಿದೆ. ಹೆಸರು ಬಂದಂತೆ ಅವರವರು ಎದ್ದು ಬರುತ್ತಿದ್ದರು, ನನ್ನ ಕಂಪೌಂಡರರು ಎಲೆ ಅಡಿಕೆ ಕೊಡುತ್ತಿದ್ದರು. ತಂದೆಯವರ ಹೆಸರು ಹೇಳಿದಾಗ ಅವರು ಮುಂದೆ ಬರಲಿಲ್ಲ. ನಿಂತಲ್ಲಿಂದಲೇ ಕೈ ಮೇಲೆತ್ತಿ ತೋರಿಸಿದರು. ಕೊನೆಯದಾಗಿ ಸಾಹುಕಾರರಿಗೆ ವಂದಿಸಿದೆ. “ಮರಳಿನ ಮೇಲೆ ಬರೆದದ್ದನ್ನು ಹೊಳೆ ಒಯ್ಯುವ ಮೊದಲೇ ಓದಿದವರು ಅವರು” ಎಂದೆ.

ಅದಾದ ಮೇಲೆ ವಚನಗಳು. ಬಡವರಿಗೂ ಉಳ್ಳವರಿಗೂ ಒಂದೇ ಬಾಟಲಿಯಿಂದ ಔಷಧ ಕೊಡುತ್ತೇನೆ. ಬೇಕಿಲ್ಲದವರಿಗೆ ಸೂಜಿ ಚುಚ್ಚುವುದಿಲ್ಲ. ರೋಗಿಯನ್ನು ಕಣ್ಣಾರೆ ನೋಡದೆ ಯಾರಿಗೂ ಔಷಧ ಕಳಿಸುವುದಿಲ್ಲ. ನನ್ನ ಕೈಯಲ್ಲಿ ಆಗದ್ದನ್ನು ಆಗದೆಂದು ಹೇಳಿ ಯಾದಗಿರಿಯಿಂದ ರೈಲು ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ರೋಗ ಇದ್ದದ್ದನ್ನು ಇದ್ದಂತೆ ರೋಗಿಗೆ ತಿಳಿಸುತ್ತೇನೆ.

“ಸೂಜಿ ಇಲ್ಲಂದ್ರ ಇವನೆಂಥಾ ಡಾಕ್ಟರೋ!” ಎಂದು ಹಿಂದಿನಿಂದ ಯಾರೋ ಅಂದರು. ನಗೆಯೆದ್ದಿತು. ಭಾಷಣ ಮುಗಿಯಿತು. ಒಂದು ಶಬ್ದವೂ ತಪ್ಪಿರಲಿಲ್ಲ.

ಸಾಹುಕಾರರು ಒಳಗೆ ಬಂದು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು ತೋಳು ಚಾಚಿದರು. ಬಾಗಿಲು ಕಿಟಕಿಗಳಲ್ಲೆಲ್ಲ ಮುಖಗಳು. ಅಲ್ಲಿಯವರೆಗೆ ನಾನು ಅವರ ಕಾಲು ಮುಟ್ಟಿದ್ದೆನೇ ಹೊರತು ಕೈ ಹಿಡಿದವನಲ್ಲ. ನನಗೆ ಅನ್ನ ಹಾಕಿದವರನ್ನು ರೋಗಿಯಂತೆ ನೋಡುವ ಯೋಚನೆಯೇ ನನಗೆ ಎಂದೂ ಬಂದಿರಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ನಾಡಿ ಒಮ್ಮೆ ಓಡಿತು, ಒಮ್ಮೆ ತಡೆಯಿತು, ಮತ್ತೆ ಎರಡು ಪೆಟ್ಟು ಒಂದರ ಮೇಲೊಂದು ಬಿದ್ದವು. ಯಾವ ತಾಳಕ್ಕೂ ಸಿಗದ ನಾಡಿ. ಬೆರಳು ತಪ್ಪಿದೆಯೆಂದುಕೊಂಡು ಮತ್ತೆ ಹಿಡಿದೆ. ಹಾಗೆಯೇ ಇತ್ತು.

“ಆ ನಳಿಗಿ ಹಚ್ಚಿ ನೋಡ್ರಿ ಡಾಕ್ಟರ ಸಾಬ್ರ, ನಾವೂ ನೋಡ್ತೀವಿ!” ಎಂದು ಕಿಟಕಿಯಿಂದ ಕೂಗಿದರು. ಸ್ಟೆತಾಸ್ಕೋಪನ್ನು ಅವರ ಎದೆಗಿಟ್ಟೆ. ಹೃದಯದ ಬಡಿತದ ನಡುವೆ, ಸಣ್ಣ ದನಿಯಲ್ಲಿ ಗುಡುಗಿದಂಥ ಒಂದು ಸದ್ದು. ಕವಾಟ ಕಿರಿದಾಗಿ ರಕ್ತ ಒತ್ತಿ ಹೋಗುವಾಗ ಆಗುವ ಸದ್ದು ಅದು. ಕಾಲೇಜಿನಲ್ಲಿ ನಮ್ಮ ಗುರುಗಳು ಎಷ್ಟೋ ಎದೆಗಳ ಮೇಲೆ ಅದನ್ನು ಕೇಳಿಸಿದ್ದರು. ನಾನು ಕೆಳಗೆ ನೋಡಿದೆ. ಧೋತರದ ಅಂಚಿನ ಕೆಳಗೆ ಅವರ ಪಾದಗಳು ಬಾತಿದ್ದವು.

ಸಾಹುಕಾರರು ನಗುತ್ತಲೇ ಇದ್ದರು. “ಏನೋ ತಮ್ಮಾ, ಒಳಗ ತಕ್ಕಡಿ ಸಪ್ಪಳ ಕೇಳಸಲಾಕತ್ತದೇನು?”

ಎಲ್ಲರೂ ನಕ್ಕರು. ನಾನು ‘ಎಲ್ಲ ಕ್ಷೇಮ’ ಎನ್ನುವುದಕ್ಕಾಗಿ ಕಾಯುತ್ತಿದ್ದರು. ಇದ್ದದ್ದನ್ನು ಇದ್ದಂತೆ ಎಂದು ನಾನು ಹೇಳಿ ಇನ್ನೂ ಬಾಯಿ ಆರಿರಲಿಲ್ಲ. ಅಷ್ಟು ಜನರ ನಡುವೆ ಅವರ ರೋಗವನ್ನು ಹೇಳುವುದು ವೈದ್ಯನಿಗೆ ತಕ್ಕುದಲ್ಲ. ಕ್ಷೇಮ ಎಂದರೆ ಅವರು ಅದನ್ನೇ ನಂಬಿ ಮನೆಗೆ ಹೋಗುತ್ತಾರೆ, ನನ್ನ ಮಾತನ್ನು ನಂಬದಿರುವ ಅಭ್ಯಾಸ ಅವರಿಗಿರಲಿಲ್ಲ. ನಡುವಿನ ದಾರಿಯೊಂದು ಇದೆಯೆಂದುಕೊಂಡೆ.

“ಅಪ್ಪಾರ, ನಾಳಿ ಮುಂಜಾನಿ ಒಮ್ಮಿ ಬರ್ರಿ. ಸಮಾಧಾನಲೆ ನೋಡತೀನಿ” ಎಂದು ಸಾಹುಕಾರರಿಗೆ ಹೇಳಿದೆ.

ನಡುವಿನ ದಾರಿ ಇರಲಿಲ್ಲ. ಕಿಟಕಿಯಲ್ಲಿದ್ದ ಅಡತಿಯ ವ್ಯಾಪಾರಿಯೊಬ್ಬರು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು, ಸಾಹುಕಾರರಿಗೂ ಕೇಳಿಸಿತು: “ನಾಳಿ ಬರ್ರಿ ಅಂದ್ರ ಏನೋ ಅದ ಅಂತಾತು.”

ಸಾಹುಕಾರರ ನಗು ಮುಖದ ಮೇಲೆ ಇತ್ತು, ಆದರೆ ಕಣ್ಣು ನನ್ನ ಮೇಲೆ ನೆಟ್ಟಿತ್ತು. ಅವರು ತಾವೇ ಚಮಚ ತೆಗೆದುಕೊಂಡು ಸಿಹಿ ಔಷಧವನ್ನು ಕುಡಿದರು. ಬೋಣಿಗೆಗೆಂದು ತಂದಿದ್ದ ತೆಂಗಿನಕಾಯಿಯನ್ನು ಮೇಜಿನ ಮೇಲಿಟ್ಟರು. ಎದ್ದು ನಿಂತು ಎಲ್ಲರಿಗೂ ಕೇಳಿಸುವಂತೆ, “ನಮ್ಮ ಹುಡುಗ ಆಡಿದ ಮಾತಿಗೆ ತಪ್ಪೋ ಪೈಕಿ ಅಲ್ಲ. ಎಲ್ಲಾರೂ ಬರ್ರಿ ಇವನ ಹಂತ್ಯಾಕ” ಎಂದು ಹೊರಟರು. ತಹಶೀಲ್ದಾರ ಸಾಹೇಬರು “ಶಾಬಾಶ್” ಎಂದು ನನ್ನ ಬೆನ್ನು ತಟ್ಟಿದರು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನೇ ಅವರ ಅಂಗಡಿಗೆ ಹೋದೆ. ಅವರು ಗಾದಿಯ ಮೇಲೆ ಒರಗಿಕೊಂಡಿದ್ದರು. ನನ್ನನ್ನು ಕಂಡ ಕೂಡಲೇ ಎದ್ದು ಕೈಹಿಡಿದು ಹಿಂದಿನ ಹತ್ತಿ ಕೋಣೆಗೆ ಕರೆದೊಯ್ದರು.

“ಡಾಕ್ಟರ ಚೀಲ ತಗೊಂಡು ಬಂದಿಲ್ಲ ಹೌದಿಲ್ಲೋ? ಚಲೋ ಮಾಡಿದಿ.”

“ಅಪ್ಪಾರ, ನಿಮ್ಮ ಎದಿ…”

“ಗೊತ್ತದ ಬಿಡು. ಮೆಟ್ಲ ಹತ್ತಿದ್ರ ತೇಕು ಬರತದ. ಸಣ್ಣಾಂವ ಇದ್ದಾಗ ಕೀಲುನೋವಿನ ಜ್ವರ ಬಂದು ತಿಂಗಳಗಟ್ಲೆ ಮಲಗಿದ್ದೆ. ಅವಾಗಿಂದ ಇದ್ದದ್ದೇ ಇದು.”

ಆ ಜ್ವರವೇ ಕವಾಟವನ್ನು ಕೆಡಿಸಿದೆಯೆಂದು ನಾನು ವಿವರಿಸಿದೆ. ನಾಡಿಯನ್ನು ಹತೋಟಿಗೆ ತರುವ ಔಷಧವೊಂದಿದೆ, ಉಪ್ಪು ಕಡಿಮೆ ಮಾಡಬೇಕು, ವಿಶ್ರಾಂತಿ ಬೇಕು, ಒಮ್ಮೆ ಹೈದರಾಬಾದಿನಲ್ಲಿ ನನ್ನ ಗುರುಗಳಿಗೆ ತೋರಿಸಬೇಕು ಎಂದೆ. ಅವರು ಎಲ್ಲವನ್ನೂ ಕೇಳಿದರು. ಆಮೇಲೆ ಹೇಳಿದ್ದು ವ್ಯಾಪಾರದ ಮಾತು.

“ತಮ್ಮಾ, ಹತ್ತಿ ಬರೋ ದಿನ ಇವು. ಶಹಾಪುರದವರು, ಯಾದಗಿರಿ ಅಡತ್ಯವರು ನನ್ನ ಬಾಯಿಮಾತಿನ ಮ್ಯಾಲ ಮಾಲು ಬಿಡ್ತಾರ. ಸಾಹುಕಾರನ ಎದಿ ಕೆಟ್ಟದ ಅಂತ ಸುದ್ದಿ ಆಗ್ಯಾದ ಈಗಾಗಲೇ. ನಿನ್ನೆ ಇಬ್ರು ಬಂದು ‘ಆರಾಮಿದೀರೇನ್ರಿ’ ಅಂತ ಕೇಳಿ ಹೋದ್ರು. ಆರಾಮ ಕೇಳಾಕ ಶಹಾಪುರದಿಂದ ಯಾರರ ಬರತಾರೇನು? ಈಗ ನಾ ನಿನ್ನ ದವಾಖಾನಿ ಕಟ್ಟಿ ಹತ್ತಿದ್ರ ಆ ಸುದ್ದಿಗಿ ನಾನ ಮೊಹರು ಒತ್ತಿದಂಗ.”

“ನಾನ ಮನಿಗಿ ಬರತೀನ್ರಿ.”

“ಡಾಕ್ಟರ ಮನಿಗಿ ಬಂದ್ರ ಇನ್ನೂ ಕೆಟ್ಟ. ಒಂದು ಕೆಲಸ ಮಾಡು. ಶೀಸೆದಾಗ ಔಷಧ ಹಾಕಿ ಕಳಸು, ಕುಡೀತೀನಿ.”

ನಾನು ಆಗದೆಂದೆ. ಆ ಔಷಧ ಹಾಗೆ ಕಳಿಸುವಂಥದಲ್ಲ. ನಾಡಿ ನೋಡುತ್ತ ನೋಡುತ್ತ ಹನಿ ಲೆಕ್ಕ ಹಾಕಬೇಕು. ಹೆಚ್ಚಾದರೆ ಅದೇ ವಿಷ. ವಾಂತಿಯಾಗಿ, ನಾಡಿ ತೀರ ಇಳಿದು ಪ್ರಾಣಕ್ಕೆ ಬರುತ್ತದೆ. ಇದನ್ನೆಲ್ಲ ಹೇಳಿದಾಗ ಅವರು ಹತ್ತಿಯ ರಾಶಿಗೆ ಒರಗಿ ಬಹಳ ಹೊತ್ತು ನಕ್ಕರು, ತೇಕು ಬರುವವರೆಗೆ.

“ನೋಡದ ಔಷಧ ಕಳಸೋದಿಲ್ಲ ಅಂತ ಅದನ್ನೂ ಅವತ್ತ ಹೇಳೀದಿ ಅಲ್ಲೋ! ನಿನ್ನ ಭಾಷಣ ನನಗ ಎರಡ ಸಲ ಬಡೀತು ನೋಡು.”

ಕೊನೆಗೆ ಅವರೇ, ಹತ್ತಿ ಮುಗಿಯಲಿ, ಆಮೇಲೆ ವಸೂಲಿಯ ನೆಪ ಮಾಡಿಕೊಂಡು ಹೈದರಾಬಾದಿಗೆ ಹೋಗುತ್ತೇನೆ, ಅಲ್ಲಿ ನನ್ನನ್ನು ಯಾರು ಬಲ್ಲರು, ಎಂದು ಒಪ್ಪಿಕೊಂಡರು. ನಾನು ಗುರುಗಳಿಗೆ ಕಾಗದ ಬರೆದೆ. ‘ಕರೆದುಕೊಂಡು ಬಾ’ ಎಂದು ಉತ್ತರವೂ ಬಂತು.

ಈ ನಡುವೆ ದವಾಖಾನೆ ತುಂಬಿತು. ಕಕ್ಕೇರಾದಿಂದ, ಹೊಳೆಯ ದಂಡೆಯ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದರು. ತೊಳೆದ ಶೀಸೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೆಂಗಸರು ಸಾಲಾಗಿ ಕುಳಿತಿರುತ್ತಿದ್ದರು. ಕಂಪೌಂಡರರು ಒಂದೊಂದು ಶೀಸೆಗೂ ಗುಟುಕಿನ ಅಳತೆಯ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುವುದರಲ್ಲೇ ಬೆಳಗು ಕಳೆಯುತ್ತಿದ್ದರು. “ಯಾರು ಕಳಸಿದ್ರವ್ವಾ?” ಎಂದರೆ ಒಂದೇ ಉತ್ತರ: “ಸಾಹುಕಾರ್ರು ಹೇಳ್ಯಾರ್ರಿ. ತನಗ ಅನ್ನ ಹಾಕಿದವ್ರಿಗೂ ಇದ್ದದ್ದು ಇದ್ದಂಗ ಹೇಳಿದಾಂವ, ನಮಗ್ಯಾಕ ಸುಳ್ಳು ಹೇಳ್ಯಾನು ಅಂತ ಪೇಟ್ಯಾಗ ಮಂದಿ ಅಂತಾರ್ರಿ.” ನನ್ನ ಮಾತಿಗೆ ಬೆಲೆ ಬಂದಿತ್ತು. ಅದು ಬಂದ ದಾರಿಯನ್ನು ನೆನೆದಾಗಲೆಲ್ಲ ನನ್ನ ಕೈಬರಹ ಕೆಡುತ್ತಿತ್ತು.

ಹತ್ತಿ ಮುಗಿಯುವ ಹೊತ್ತಿಗೆ ಗಲಭೆ ಲೂಟಿಗಳಿಂದ ದಾರಿಗಳು ಕೆಟ್ಟವು. ಅದು ನಿಜಾಮರ ಕೊನೆಯ ವರ್ಷ. ಹೈದರಾಬಾದಿನ ಕಡೆ ಹೋದವರು ತಿರುಗಿ ಬರುವ ಭರವಸೆಯಿರಲಿಲ್ಲ. ಉಳ್ಳವರು ಮನೆಗೆ ಬೀಗ ಹಾಕಿ ಸಂಸ್ಥಾನದ ಗಡಿಯಾಚೆಗೆ ಹೋಗುತ್ತಿದ್ದರು. ಸಾಹುಕಾರರು ಹೋಗಲಿಲ್ಲ. “ನಾ ಊರು ಬಿಟ್ಟು ಎದ್ದರ ಪೇಟಿನ ಎದ್ದಂಗ” ಎಂದರು. ಮನೆಯವರನ್ನು ಕಳಿಸಿದರು, ಅಂಗಡಿಯ ಬಾಗಿಲು ದಿನಾ ತೆಗೆದರು. ದಾರಿಯಲ್ಲಿ ಸಿಕ್ಕಾಗ ನಾನು ಅವರ ಪಾದಗಳನ್ನು ನೋಡುತ್ತಿದ್ದೆ. ಅದನ್ನು ತಿಳಿದು ಅವರು ಧೋತರವನ್ನು ಕೆಳಕ್ಕೆ ಇಳಿಸಿ ಉಡತೊಡಗಿದರು.

ಒಂದು ಮಧ್ಯಾಹ್ನ, ಕಡಲೆ ತೂಗಿಸುತ್ತಿದ್ದಾಗ ಅವರು ತಕ್ಕಡಿಯ ಪಕ್ಕದಲ್ಲಿ ಕುಸಿದರು. ಹಮಾಲರೊಬ್ಬರು ಓಡಿ ಬಂದು ಕರೆದರು. ಆ ದಿನ ನಾನು ಚೀಲ ಹಿಡಿದುಕೊಂಡೇ ಹೋದೆ, ಪೇಟೆಯೆಲ್ಲ ನೋಡುತ್ತಿತ್ತು. ಬಾಯಿಯ ಅಂಚಿನಲ್ಲಿ ನಸುಗೆಂಪು ನೊರೆಯಿತ್ತು. ಮಣಿಕಟ್ಟು ಹಿಡಿದೆ. ಬೆರಳಿಗೆ ಏನೂ ಸಿಗಲಿಲ್ಲ.

ಪರಿಸ್ಥಿತಿ ತಿಳಿಯಾಗಿ, ಹೊಸ ಸರಕಾರ ಬಂದ ಮೇಲೆ ಅವರ ಹೆಂಡತಿ ಊರಿಗೆ ಮರಳಿದರು. ನನಗೆ ರೊಟ್ಟಿ ಬಡಿದು ಹಾಕಿದ ತಾಯಿ ಅವರು. ಒಂದು ದಿನ ಜನ ಕಡಿಮೆಯಿದ್ದ ಹೊತ್ತಿನಲ್ಲಿ ಅವರು ದವಾಖಾನೆಗೆ ಬಂದರು. ಎದ್ದು ನಿಂತ ನನ್ನನ್ನು ಕೂಡಲು ಹೇಳಿ ತಾವೂ ಕುಳಿತರು. ಮೊಣಕಾಲು ನೋವು ಎಂದರು. ನೋಡಿದೆ, ಒಂದು ಶೀಸೆ ಔಷಧ ಕೊಟ್ಟೆ. ಅವರು ಏಳಲಿಲ್ಲ.

“ತಮ್ಮಾ, ಅವತ್ತ ಬೋಣಿಗಿಗೆ ಕುಂತಾಗ ನೀ ಆರಾಮ ಅದ ಅಂದಿದ್ರ, ಮರುದಿನ ಹಿತ್ತಲ ಬಾಗಲಲೆ ಬಂದು ಖರೇ ಹೇಳಿದ್ರ, ನಮ್ಮವ್ರು ಔಷಧ ತಗೋತಿದ್ರು.”

“ತಗೋತಿದ್ರೇನೋ ಯವ್ವಾ.”

“ತಗೋತಿದ್ರು. ನಾ ಬಲ್ಲೆ ಅವರನ್ನ.” ಶೀಸೆಯನ್ನು ಮೇಜಿನ ಮೇಲೆ ಸರಿಸಿ ಮಾತು ಮುಂದುವರಿಸಿದರು. “ಆದ್ರ ನಿನ್ನ ಮ್ಯಾಲ ಅವರು ಒಂದ ದಿನ ಸಿಟ್ಟು ಮಾಡಲಿಲ್ಲ. ಉಣ್ಣಾಕ ಕುಂತಾಗ ‘ನೋಡಿದೇನು ನಮ್ಮ ಹುಡುಗನ, ನನಗೂ ಬಿಡಲಿಲ್ಲ’ ಅಂತ ಹೇಳಿ ನಗತಿದ್ರು. ನನಗ ಆ ನಗಿ ತಡಕೊಳಾಕ ಆಗತಿದ್ದಿಲ್ಲ.”

ಅವರ ಮಾತು ನಿಜವೇ ಎಂದು ಇಂದಿಗೂ ನನಗೆ ತಿಳಿಯದು. ಆ ಕವಾಟವನ್ನು ನೆಟ್ಟಗೆ ಮಾಡುವ ವಿದ್ಯೆ ಆಗ ನಮ್ಮ ಕಡೆ ಯಾರಲ್ಲಿಯೂ ಇರಲಿಲ್ಲ. ನನ್ನ ಔಷಧ ಅವರಿಗೆ ಕೆಲವು ವರ್ಷಗಳನ್ನು ಕೊಡುತ್ತಿತ್ತೋ, ಒಂದು ಸುಗ್ಗಿಯನ್ನಷ್ಟೇ ಕೊಡುತ್ತಿತ್ತೋ ಹೇಳಲಾರೆ. ಆ ಒಂದು ಸುಗ್ಗಿಗಾಗಿಯೂ ನನ್ನ ಜೀವ ಮರುಗುತ್ತದೆ. ಇದ್ದದ್ದನ್ನು ಇದ್ದಂತೆ ಹೇಳುವ ವಚನವನ್ನು ನಾನು ಇಂದಿಗೂ ತಪ್ಪೆನ್ನಲಾರೆ. ಅದನ್ನು ನಡೆಸಬೇಕಾದ ಮೊದಲ ಗಳಿಗೆ ಅಷ್ಟು ಕಣ್ಣುಗಳ ನಡುವೆ, ಅವರ ಕೈ ನನ್ನ ಕೈಯಲ್ಲಿದ್ದಾಗಲೇ ಬರಬೇಕಾಗಿರಲಿಲ್ಲ.

ತಾಯಿಯವರು ಶೀಸೆಯನ್ನು ತೆಗೆದುಕೊಂಡು ಎದ್ದರು. ಹೊರಗೆ ಕಟ್ಟೆಯ ಮೇಲೆ ಇಬ್ಬರು ಮೂವರು ಕುಳಿತಿದ್ದರು. ಅವರತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

“ಮೊಣಕಾಲು ಅಷ್ಟ ಹೌದಿಲ್ಲೋ? ಬ್ಯಾರೆ ಏನರ ಇದ್ರ ಈಗ ಹೇಳಬ್ಯಾಡ. ಸಂಜಿಮುಂದ ಮನಿಗಿ ಬಂದು ಹೇಳು.”

“ಮೊಣಕಾಲು ಅಷ್ಟ ಅದ ಯವ್ವಾ” ಎಂದೆ. ಅದು ನಿಜವಾಗಿತ್ತು. ಆದರೂ ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಮೆಟ್ಟಿಲಿಳಿದು, ಕಟ್ಟೆಯ ಮೇಲಿದ್ದವರು ಕೇಳುವ ಮೊದಲೇ, “ಆರಾಮ ಅದೀನ್ರಿ” ಎಂದು ಹೇಳುತ್ತ ಪೇಟೆಯ ಕಡೆ ನಡೆದರು.

ಸಂಜೆ ನಾನು ಅವರ ಮನೆಗೆ ಹೋದೆ. ಹೇಳುವುದು ಏನೂ ಇರಲಿಲ್ಲ. ಅವರು ಚಾಪೆ ಹಾಸಿದರು. ನಾನು ಬಹಳ ಹೊತ್ತು ಕುಳಿತು ಬಂದೆ.